ಓಬವ್ವನ ಕೈಯಲ್ಲಿ ಪಿಸ್ತೂಲು

ಹೊಸದುರ್ಗದ ನನ್ನ ಅಕ್ಕನ ಮಗಳು ಬಿ.ಕಾಂ. ಮುಗಿಸಿದವಳೇ ಬೆಂಗಳೂರಿನ ಕಾಲ್ ಸೆಂಟರ್ ಒಂದರ ವಾಯ್ಸ್ ಪ್ರೊಸೆಸ್‌ಗೆ ಅರ್ಜಿ ಹಾಕಿ, ತಯಾರಿಗೆಂದು ಚಿತ್ರದುರ್ಗದ ನಮ್ಮನೆಯಲ್ಲಿ 15 ದಿನ ಠಿಕಾಣಿ ಹೂಡಿದಳು. ಸುತ್ತುಗಳಿರುವುದು ನಮ್ಮೂರ ಕೋಟೆಗೆ ಮಾತ್ರ ಎಂದುಕೊಂಡಿದ್ದೆ. ಈ ಕೆಲಸಕ್ಕೂ ಎಚ್ಚಾರ್ ಸುತ್ತು, ವಾಯ್ಸ್ ಸುತ್ತು, ಟೈಪಿಂಗ್ ಸುತ್ತು, ಆಪ್ಸ್ ಸುತ್ತು, ಅದೃಷ್ಟ ಕೆಟ್ಟಿದ್ದರೆ ಕ್ಲೈಂಟ್ ಸುತ್ತು. ಹೈದರಾಲಿಗೆ ಕೋಟೆಯಲ್ಲಿ ಒಂದು ಕಿಂಡಿಯಾದರೂ ಇತ್ತು. ಇಲ್ಲಿ ಅದನ್ನೂ ಮುಚ್ಚಿ ಸೆಕ್ಯುರಿಟಿಯವನನ್ನು ಕೂರಿಸಿದ್ದಾರೆ.

ಕೋಚಿಂಗ್ ಮೇಷ್ಟ್ರು ಮೊದಲ ದಿನವೇ ರೋಗ ಪತ್ತೆಹಚ್ಚಿದರು. ‘ನಿಮಗೆ ಎಂಟಿಐ ಇದೆ.’ ಹುಡುಗಿ ಬಿಳಿಚಿಕೊಂಡು ಮನೆಗೆ ಬಂದಳು. ಅವಳ ತಾಯಿಯಂತೂ ಫೋನಿನಲ್ಲೇ ಜಿಲ್ಲಾಸ್ಪತ್ರೆಗೆ ಹೋಗೋಣವೇ ಎಂದಳು. ವಿಚಾರಿಸಿದರೆ ಅದು ಮಾತೃಭಾಷೆಯ ಪ್ರಭಾವವಂತೆ. ತಾಯಿಯಿಂದ ಬಂದದ್ದೇನೋ ನಿಜ, ಡಾಕ್ಟರಿಗೆ ತೋರಿಸುವಂಥದ್ದಲ್ಲ.

ಲಕ್ಷಣಗಳು ಹೀಗಿವೆ. ನಾವು ‘ಎಲೆ’ ಎಂದು ಬರೆದು ‘ಯೆಲೆ’ ಎನ್ನುತ್ತೇವೆ, ‘ಒಲೆ’ಯನ್ನು ‘ವೊಲೆ’ ಮಾಡುತ್ತೇವೆ. ಆದ್ದರಿಂದ ‘ಏಯ್ಟ್’ ನಮ್ಮ ಬಾಯಲ್ಲಿ ‘ಯೇಯ್ಟ್’, ‘ಓನ್ಲಿ’ ‘ವೋನ್ಲಿ’. ಹಳಗನ್ನಡದ ‘ಕಾಲ್’ಗೆ ಉಕಾರ ಸೇರಿಸಿ ‘ಕಾಲು’ ಮಾಡಿದ ಜನ ನಾವು. ‘ಬಿಲ್’ ಎಂಬ ಬಡಪಾಯಿಯನ್ನು ಸುಮ್ಮನೆ ಬಿಡುತ್ತೇವೆಯೇ, ‘ಬಿಲ್ಲು’ ಮಾಡಿ ಬಾಣವನ್ನೂ ಹೂಡುತ್ತೇವೆ. ಸಾವಿರ ವರ್ಷದ ವ್ಯಾಕರಣ ಇದು. ಮೇಷ್ಟ್ರು ಇದನ್ನು 15 ದಿನದಲ್ಲಿ, 4 ಸಾವಿರ ರೂಪಾಯಿಗೆ ಅಳಿಸಿಹಾಕುವವರಿದ್ದರು. 2000ದ ಆಸುಪಾಸಿನಲ್ಲಿ ನಮ್ಮ ಹುಡುಗ ಹುಡುಗಿಯರು ಅಮೆರಿಕದ ಹೆಸರಿಟ್ಟುಕೊಂಡು ಅಮೆರಿಕದವರಂತೆಯೇ ನಾಲಿಗೆ ಹೊರಳಿಸಬೇಕಿತ್ತು. ಈಗ ‘ನ್ಯೂಟ್ರಲ್ ಅಕ್ಸೆಂಟ್’ ಸಾಕಂತೆ, ಅಂದರೆ ಯಾವ ಊರಿನದೂ ಅಲ್ಲದ ಉಚ್ಚಾರ. ಅದನ್ನು ಕಲಿಸುತ್ತಿದ್ದ ಮೇಷ್ಟ್ರು ಹಿರಿಯೂರಿನವರು. ‘ನ್ಯೂಟ್ರಲ್ಲು’ ಎನ್ನುತ್ತಿದ್ದರು.

ನಿಜವಾದ ಅಪಾಯ ಮಾತ್ರ ಅವರು ಹೇಳದ ಕಡೆ ಇತ್ತು. ನಾವು ಮಾತಿನ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮನಾಗಿ ಒತ್ತು ಕೊಡುತ್ತೇವೆ. ಇಂಗ್ಲಿಷಿನವರ ಕಿವಿ ಒತ್ತನ್ನೇ ನಂಬಿ ಕೂತಿರುತ್ತದೆ: ‘ಫಿಫ್ಟೀನ್’ನಲ್ಲಿ ಕೊನೆಯ ತುಂಡು ಉದ್ದ, ಗಟ್ಟಿ, ‘ಫಿಫ್ಟಿ’ಯಲ್ಲಿ ಮೊದಲನೆಯದು ಗಟ್ಟಿ, ಕೊನೆಯದು ಮೊಟಕು. ನಮ್ಮ ಹುಡುಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, 15 ಡಾಲರ್ ವಾಪಸ್ ಬರುತ್ತದೆ ಎಂದದ್ದು ಗಿರಾಕಿಗೆ 50 ಎಂದು ಕೇಳುತ್ತದೆ. ‘ವೋನ್ಲಿ’ ಎಂದರೆ ಯಾರ ಗಂಟೂ ಹೋಗುವುದಿಲ್ಲ. ಇಲ್ಲಿ ಉಳಿದ 35 ಡಾಲರಿನ ಜಗಳ ಸೂಪರ್‌ವೈಸರ್‌ವರೆಗೂ ಹೋಗುತ್ತದೆ. ಅದಕ್ಕೇ ಪಳಗಿದವರು ‘ಫಿಫ್ಟೀನ್, ಒನ್ ಫೈವ್’ ಎಂದು ಅಂಕಿಯನ್ನು ಬಿಡಿಸಿ ಇನ್ನೊಮ್ಮೆ ಹೇಳುತ್ತಾರೆ. ಇದನ್ನು ಕಲಿಯಲು ಅವಳಿಗೆ ಒಂದು ಸಂಜೆ ಹಿಡಿಯಿತು, ಮಸಾಲೆ ಮಂಡಕ್ಕಿಯ ಖರ್ಚು ಬಿಟ್ಟರೆ ಪುಕ್ಕಟೆ.

ವರ್ಸಂಟ್ ಎಂಬ ಯಂತ್ರದ ಪರೀಕ್ಷೆಯದೂ ಇದೇ ಕಥೆ. ಅದು ಅಂಕ ಕೊಡುವ ನಾಲ್ಕು ಬಾಬ್ತುಗಳಲ್ಲಿ ಉಚ್ಚಾರ ಒಂದು. ಉಳಿದವು ವಾಕ್ಯದ ಹಿಡಿತ, ಶಬ್ದಸಂಪತ್ತು, ತಡವರಿಸದೆ ಮಾತಾಡುವುದು. ಯಂತ್ರ ಒಂದು ವಾಕ್ಯ ಹೇಳುತ್ತದೆ, ನಾವು ಹಾಗೇ ಒಪ್ಪಿಸಬೇಕು. ವಾಕ್ಯ ಉದ್ದವಾದಂತೆ ಅದರ ಬಾಲ ನಮ್ಮ ತಲೆಯಿಂದ ಜಾರುತ್ತದೆ. ಬಾಲ ಕಳಕೊಂಡವಳು ಆ ಜಾಗದಲ್ಲಿ ‘ಆಂ... ಆಂ...’ ಎಂದು ಎಳೆದರೆ ಅಂಕ ಅಲ್ಲೇ ಸೋರಿಹೋಗುತ್ತದೆ. ನಾಲಿಗೆ ಬಿಟ್ಟು ಕಿವಿ ಪಳಗಿಸು ಎಂದು ರೇಡಿಯೋದ ಇಂಗ್ಲಿಷ್ ವಾರ್ತೆ ಹಾಕಿಕೊಟ್ಟೆ. ಒಂದು ವಾಕ್ಯ ಕೇಳುವುದು, ದನಿ ತಗ್ಗಿಸುವುದು, ಹಾಗೇ ಹೇಳುವುದು. ಮೂರೇ ದಿನದಲ್ಲಿ ಪಕ್ಕದ ಮನೆಯವರು ಹುಡುಗಿಗೆ ಏನೋ ಮೆಟ್ಟಿಕೊಂಡಿದೆ ಎಂದು ನಿಂಬೆಹಣ್ಣು ತಂದುಕೊಟ್ಟರು.

ಟೈಪಿಂಗ್ ಬಗ್ಗೆ ಅವಳಿಗೆ ಭಯವಿರಲಿಲ್ಲ. ಹೊಸದುರ್ಗದ ಝೆರಾಕ್ಸ್ ಅಂಗಡಿಯಲ್ಲಿ ಎರಡು ವರ್ಷ ನುಡಿಯಲ್ಲಿ ಅರ್ಜಿ ಬಡಿದವಳು. ಆ ಬೆರಳೇ ಕೈಕೊಟ್ಟಿತು. ನುಡಿಯ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ f ಒತ್ತಬೇಕು, ವ್ಯಂಜನದ ಒಳಗಿನ ಅಕಾರಕ್ಕೆ ಏನೂ ಒತ್ತಬೇಕಿಲ್ಲ. ಇಂಗ್ಲಿಷಿನಲ್ಲಿ ಊರ ಹೆಸರು ಹೊಡೆ ಎಂದೆ. ಪರದೆಯ ಮೇಲೆ citfrdurfg ಎಂದು ಮೂಡಿತು. ನುಡಿಯಲ್ಲಾದರೆ ತಪ್ಪಿಲ್ಲದ ಚಿತ್ರದುರ್ಗ. ಅಮೆರಿಕದವರ ಕಣ್ಣಿಗೆ ಕೆಮ್ಮು.

ಲೆಕ್ಕ ಸರಳ. ಸ್ಪೇಸೂ ಸೇರಿ 5 ಒತ್ತಿಗೆ ಒಂದು ಪದ. ಅವಳು 5 ನಿಮಿಷದಲ್ಲಿ 900 ಸಲ ಒತ್ತಿದಳು, ಅಂದರೆ 180 ಪದ, ನಿಮಿಷಕ್ಕೆ 36. ಹಿಗ್ಗಿದಳು. ತಪ್ಪು 40. ತಪ್ಪಿಗೊಂದು ಪದ ಕಳೆದರೆ ಉಳಿದದ್ದು 140, ನಿಮಿಷಕ್ಕೆ 28. ಮರುದಿನ ವೇಗ ಇಳಿಸಿ 800 ಒತ್ತಿದಳು, ತಪ್ಪು 5. ನಿಮಿಷಕ್ಕೆ 31! ನಿಧಾನವಾಗಿ ಹೋದವಳು ಮುಂದೆ ಬಂದಳು. ಇದನ್ನು ನಂಬಲು ಅವಳಿಗೆ ಎರಡು ದಿನ ಬೇಕಾಯಿತು, ಏಕೆಂದರೆ ಮೇಷ್ಟ್ರು ‘ಸ್ಪೀಡು, ಸ್ಪೀಡು’ ಎನ್ನುತ್ತಲೇ ಇದ್ದರು.

ಇನ್ನು ಶಿಫ್ಟು. ಭಾವನವರ ಮೊದಲ ಪ್ರಶ್ನೆ: ‘ಏನವ್ವಾ, ರಾತ್ರಿ ಡ್ಯೂಟಿ ಅಂದ್ರೆ ವಾಚ್‌ಮನ್ ಕೆಲ್ಸನಾ?’ ನ್ಯೂಯಾರ್ಕಿನ ಬೆಳಗ್ಗೆ 9 ಗಂಟೆಗೆ ಇಲ್ಲಿ ಸಂಜೆ ಆರೂವರೆ, ಅವರ ಸಂಜೆ 6ಕ್ಕೆ ನಮ್ಮ ನಸುಕಿನ ಮೂರೂವರೆ ಎಂದು ವಿವರಿಸಿದೆ. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ಮಾರ್ಚಿನವರೆಗೆ ಏಳೂವರೆಯಿಂದ ನಾಲ್ಕೂವರೆ. ಭಾವ ಯೋಚಿಸಿ ಕೇಳಿದರು: ‘ಅವರು ಗಡಿಯಾರ ತಿರುಗ್ಸಿದ್ರೆ ನಮ್ಮನೇಲಿ ಮುದ್ದೆ ತೊಳಸೋ ಹೊತ್ಯಾಕೆ ಬದಲಾಗ್ಬೇಕು?’ ಉತ್ತರ ನನ್ನಲ್ಲಿರಲಿಲ್ಲ. ದೀಪಾವಳಿಗೆ ರಜೆ ಇರುವುದು ಅನುಮಾನ, ಅಮೆರಿಕದವರ ಸುಗ್ಗಿ ಹಬ್ಬಕ್ಕೆ ಸಿಕ್ಕರೂ ಸಿಕ್ಕೀತು ಎಂಬುದನ್ನು ಬಾಯಿಬಿಡಲಿಲ್ಲ.

ಎಚ್ಚಾರ್‌ನವರು ‘ರೊಟೇಷನಲ್ ಶಿಫ್ಟ್ ಓಕೆನಾ?’ ಎಂದರೆ ಎಲ್ಲರೂ ಓಕೆ ಎಂದು ಗೋಣು ಹಾಕುತ್ತಾರೆ. ಹಾಕು, ಹಾಕಿದ ಮೇಲೆ ಮೂರು ಮಾತು ಕೇಳು ಎಂದೆ. ಕ್ಯಾಬು ಎರಡೂ ಕಡೆಗೋ, ಬಿಡುವುದಕ್ಕೆ ಮಾತ್ರವೋ? ಎಷ್ಟು ಕಿಲೋಮೀಟರ್ ಒಳಗೆ? ನೈಟ್ ಅಲೊವೆನ್ಸು ಹೇಳಿದ ಸಂಬಳದ ಒಳಗೋ ಹೊರಗೋ? ಈ ಮೂರನೆಯದಕ್ಕೆ ಎಚ್ಚಾರ್ ಮೇಡಂ ನೀರು ಕುಡಿದರಂತೆ.

ಇಂಟರ್‌ವ್ಯೂನಲ್ಲಿ ಒಂದು ನಿಮಿಷ ನಿನ್ನ ಊರಿನ ಬಗ್ಗೆ ಮಾತಾಡು ಎಂದರಂತೆ. ಹುಡುಗಿ ಓಬವ್ವನ ಕಥೆ ಶುರುಮಾಡಿದಳು. ಒನಕೆಗೆ ‘ಪೆಸ್ಲ್’, ನಡುವಿನ ಟಕಾರ ನುಂಗಬೇಕು ಎಂದು ನಾನೇ ಹೇಳಿಕೊಟ್ಟಿದ್ದೆ. ಗಾಬರಿಯಲ್ಲಿ ಟಕಾರ ಎದ್ದು ಬಂತು, ಸ್ವರ ಜಾರಿತು. ‘ಹೈದರಾಲಿಯ ಸೈನಿಕರನ್ನೆಲ್ಲ ಪಿಸ್ತೂಲಿನಲ್ಲೇ?’ ಎಂದು ಕೇಳಿದವರು ಹುಬ್ಬೇರಿಸಿದರಂತೆ. ಇವಳು ತಡವರಿಸದೆ, ಅಲ್ಲ ಸರ್, ಭತ್ತ ಕುಟ್ಟುವ ಉದ್ದನೆಯ ಮರದ ಕೋಲು ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಅವರಿಗೆ ಬೇಕಿದ್ದದ್ದೂ ಅದೇ. ಕೆಲಸ ಸಿಕ್ಕಿತು.

ಅದೇ ವಾರ ಹೊಳಲ್ಕೆರೆಯ ನನ್ನ ತಮ್ಮನ ಮಗ ಕನ್ನಡ ವಾಯ್ಸ್ ಪ್ರೊಸೆಸ್‌ಗೆ ಹೋಗಿದ್ದ. ಸಾಲದ ಕಂತು ಕಟ್ಟಿ ಎಂದು ನಮ್ಮವರಿಗೇ ಕನ್ನಡದಲ್ಲಿ ಫೋನ್ ಮಾಡುವ ಕೆಲಸ. ಸಂಜೆ ಬಸ್ಸಿಳಿದು ಸಪ್ಪೆ ಮೋರೆಯಲ್ಲಿ ಬಂದ. ‘ಏನಂದ್ರೋ?’ ಎಂದೆ.

‘ರಿಜೆಕ್ಟು ದೊಡ್ಡಪ್ಪ. ಎಂಟಿಐ ಜಾಸ್ತಿ ಐತಂತೆ.’