ಮೇಲ್ಕಂಡ ವಿಷಯದ ಮಹಾಶಯ

ವೈದ್ಯನಾಥಪುರದ ಈ ಮಹಾಶಯ ಬಿ.ಕಾಂ. ಮುಗಿಸಿದವನು, ಬಾಯಲ್ಲಿ ಬಲು ಚುರುಕು. ವೈದ್ಯನಾಥೇಶ್ವರನ ಗುಡಿಗೆ ಬಂದ ಹೊಸಬರು ದಾರಿ ಕೇಳಿದರೆ "ನೆಟ್ಟಗೋಗಿ ಸಾ, ಹೊಳೆ ಕಾಣ್ತದೆ, ಅಲ್ಲೇ ಗುಡಿ" ಎಂದು ಶಿಂಷಾ ದಂಡೆಯನ್ನು ತೋರಿಸಿ ಮುಗಿಸುತ್ತಾನೆ. ಅದೇ ಮನುಷ್ಯ ಬೆಂಗಳೂರಿನ ಕಂಪನಿಯೊಂದರ ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಅರ್ಜಿ ಬರೆಯಲು ಕೂತನೆಂದರೆ ಬೇರೆ ಅವತಾರ. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಘನ ಸನ್ನಿಧಾನದಲ್ಲಿ ಸವಿನಯವಾಗಿ ವಿಜ್ಞಾಪಿಸಿಕೊಳ್ಳುವುದೇನೆಂದರೆ" ಎಂದು ಹೊರಟ ವಾಕ್ಯ ಕ್ರಿಯಾಪದಕ್ಕಾಗಿ ಮುಕ್ಕಾಲು ಪುಟ ಅಲೆಯುತ್ತದೆ. ನಡುವೆ ತಂದೆಯ ಹೆಸರು, ಎಸ್‌ಎಸ್‌ಎಲ್‌ಸಿ ಅಂಕ, ಕಠಿಣ ಪರಿಶ್ರಮ, ಅವಿರತ ನಿಷ್ಠೆ ಎಲ್ಲ ಬಂದು ಹೋಗುತ್ತವೆ. ಜಾಹೀರಾತಿನಲ್ಲಿ ಕೇಳಿದ್ದು ಎರಡೇ: ರಾತ್ರಿ ಪಾಳಿ ಆಗುತ್ತದೆಯೇ, ಕೆಳಗಿನ ದೂರು ಬರೆದ ಗ್ರಾಹಕನಿಗೆ ಏನು ಉತ್ತರ ಬರೆಯುತ್ತೀರಿ. ಮೊದಲನೆಯದಕ್ಕೆ "ಯಾವುದೇ ಸಮಯದಲ್ಲಿ ಸೇವೆಗೆ ಸದಾ ಸಿದ್ಧ" ಎಂಬ ಘೋಷಣೆ ಸಿಗುತ್ತದೆ. ಎರಡನೆಯದಕ್ಕೆ ಏನೂ ಸಿಗುವುದಿಲ್ಲ.

ಅವನು ಈ ಪತ್ರವನ್ನು ಕೆಲಸದ ಬಾಗಿಲಿನ ಕಾಲಿಂಗ್ ಬೆಲ್ ಎಂದುಕೊಂಡಿದ್ದಾನೆ. ಓದುವವರ ಲೆಕ್ಕದಲ್ಲಿ ಅದು ಅವನ ಮೊದಲ ದಿನದ ಕೆಲಸ. ಇಮೇಲ್, ಚಾಟ್‌ಗಳಲ್ಲಿ ನಡೆಯುವ ಸಪೋರ್ಟ್‌ನಲ್ಲಿ ಧ್ವನಿಯಿಲ್ಲ, ಮುಖವಿಲ್ಲ. ಬರೆದದ್ದಷ್ಟೇ ಗ್ರಾಹಕನಿಗೆ ತಲುಪುವ ಸರಕು. ಒಂದು ಉತ್ತರ ಅರ್ಥವಾಗದಿದ್ದರೆ ಅದೇ ಗ್ರಾಹಕ ಮತ್ತೆ ಬರೆಯುತ್ತಾನೆ, ಮುಚ್ಚಬೇಕಾಗಿದ್ದ ದೂರು ತೆರೆದುಕೊಂಡೇ ಇರುತ್ತದೆ. ಆದ್ದರಿಂದ "ನಾನು ಸ್ಪಷ್ಟವಾಗಿ ಬರೆಯಬಲ್ಲೆ" ಎಂಬ ಮಾತನ್ನು ಅಸ್ಪಷ್ಟವಾಗಿ ಬರೆದವನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ.

ಜಾಹೀರಾತಿನಲ್ಲಿ ಪರೀಕ್ಷೆಗೆ ಕೊಟ್ಟ ಆ ದೂರು ಹೀಗಿದೆ ಎಂದುಕೊಳ್ಳಿ: "6ನೇ ತಾರೀಕು ಪಂಪಿನ ಸ್ಟಾರ್ಟರ್‌ಗೆ ಯುಪಿಐನಲ್ಲಿ ದುಡ್ಡು ಕಟ್ಟಿದೆ. ಬ್ಯಾಂಕಲ್ಲಿ ಕಟ್ ಆಗೈತೆ, ಆರ್ಡರ್ ಆಗಿಲ್ಲ. ದುಡ್ಡು ಎಲ್ಲೋಯ್ತು? ಇನ್ನೊಂದ್ಸಲ ಕಟ್ಲಾ?" ಜೊತೆಗೆ, ಹಣ ಕಂಪನಿಗೆ ಬಂದಿಲ್ಲ ಎಂಬ ಟಿಪ್ಪಣಿ. ನಮ್ಮ ಮಹಾಶಯನ ಉತ್ತರ: "ತಮಗಾದ ಅನಾನುಕೂಲತೆಗೆ ತೀವ್ರವಾಗಿ ವಿಷಾದಿಸುತ್ತಾ, ಸದರಿ ವಿಷಯವನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದ್ದು, ಸೂಕ್ತ ಕ್ರಮ ಜರುಗಿಸಲಾಗುವುದು." ಯಾರು, ಏನು, ಯಾವಾಗ ಎಂಬ ಮೂರೂ ಇದರಲ್ಲಿ ತಲೆಮರೆಸಿಕೊಂಡಿವೆ. ವಿಷಯ ಗೊತ್ತಿದ್ದವನು ಬರೆಯುವುದು ಇಷ್ಟು: "ನಿಮ್ಮ ಹಣ ನಮಗೆ ತಲುಪಿಲ್ಲ, ಆರ್ಡರ್ ಆಗಿಲ್ಲ. ಇಂಥ ಹಣ 11ನೇ ತಾರೀಕಿನೊಳಗೆ ತಾನಾಗಿ ನಿಮ್ಮ ಖಾತೆಗೆ ವಾಪಸ್ ಬರಬೇಕು. ಬರದಿದ್ದರೆ ಯುಪಿಐನ 12 ಅಂಕಿಯ ರೆಫರೆನ್ಸ್ ಸಂಖ್ಯೆ ಹಿಡಿದು ನಿಮ್ಮ ಬ್ಯಾಂಕಿಗೆ ದೂರು ಕೊಡಿ. ಸ್ಟಾರ್ಟರ್ ತುರ್ತಾಗಿ ಬೇಕಿದ್ದರೆ ಈಗಲೇ ಮತ್ತೆ ಕಟ್ಟಬಹುದು. ಇಲ್ಲದಿದ್ದರೆ ಹಳೆಯದು ಬರುವವರೆಗೆ ಕಾಯಿರಿ." 11 ಎಂಬುದು ಊಹೆಯಲ್ಲ. ಅಂಗಡಿಗೆ ಕಟ್ಟಿ ತಲುಪದ ಯುಪಿಐ ಹಣ ವ್ಯವಹಾರದ ದಿನದಿಂದ 5 ದಿನದೊಳಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸೇರಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲಿ ನಿಯಮ ಮಾಡಿದೆ. "ಶೀಘ್ರದಲ್ಲಿ" ಎಂದು ಬರೆದಿದ್ದರೆ ಆ ಗ್ರಾಹಕ ಮರುದಿನವೇ ಮತ್ತೆ ಕೇಳುತ್ತಿದ್ದ. ತಾರೀಕು ಕೊಟ್ಟರೆ 11ರವರೆಗೆ ಸುಮ್ಮನಿರುತ್ತಾನೆ.

ಹಾಗಾದರೆ ವಿನಯ ಬೇಡವೇ ಎಂದು, ಶಾಲೆಯಲ್ಲಿ ರಜಾ ಅರ್ಜಿಗೆ ಈ ಶೈಲಿ ಕಲಿಸಿದ ಮೇಷ್ಟರುಗಳು ಕೇಳಬಹುದು. ಖಂಡಿತ ಬೇಕು, "ನೀವು", "ದಯವಿಟ್ಟು" ಇವೆರಡರಲ್ಲಿ ಬೇಕಾದಷ್ಟು ವಿನಯ ಹಿಡಿಸುತ್ತದೆ, ಓದುವವರ ಹೊತ್ತು ಉಳಿಸುವುದು ಅದಕ್ಕಿಂತ ದೊಡ್ಡ ವಿನಯ. ರಜಾ ಅರ್ಜಿಯ ನಮೂನೆಯೇ ಕೆಟ್ಟದ್ದು ಎಂದೂ ಅಲ್ಲ. ಅದರಲ್ಲಿ "ವಿಷಯ" ಎಂಬ ಅಮೂಲ್ಯ ಸಾಲೊಂದಿದೆ, ಸಪೋರ್ಟ್ ಕೆಲಸದವರು ದಿನವಿಡೀ ಹುಡುಕುವುದು ಅದನ್ನೇ. ನಮ್ಮವನು ಅಲ್ಲಿ "ಕೆಲಸ ಕೋರಿ" ಎಂದು ಬರೆದು ಸಾಲನ್ನು ಹಾಳುಮಾಡುತ್ತಾನೆ. "ಕನ್ನಡ ಚಾಟ್ ಸಪೋರ್ಟ್ ಹುದ್ದೆ: ರಾತ್ರಿ ಪಾಳಿ ಆಗುತ್ತದೆ" ಎಂದಿದ್ದರೆ ಅರ್ಧ ಅರ್ಜಿ ಅಲ್ಲಿಗೇ ಮುಗಿಯುತ್ತಿತ್ತು. ಇನ್ನು, ಇದೆಲ್ಲ ಇಂಗ್ಲಿಷ್ ಮೀಡಿಯಮ್ಮಿನವರಿಗೆ ಅನುಕೂಲ ಎಂಬ ಆಕ್ಷೇಪ. ಇಂಗ್ಲಿಷಿನಲ್ಲೂ ಇದೇ ಮಹಾಶಯನಿದ್ದಾನೆ. ಸೈಬರ್ ಸೆಂಟರಿನಿಂದ ನಕಲು ಮಾಡಿದ ಅವನ ಪತ್ರದಲ್ಲಿ ವ್ಯಾಕರಣ ಶುದ್ಧ, ಹಿಂದಿನ ಅಭ್ಯರ್ಥಿಯ ಕಂಪನಿ ಹೆಸರು ಮಾತ್ರ ಹಾಗೇ ಉಳಿದಿರುತ್ತದೆ. ತಪ್ಪಿರುವುದು ಭಾಷೆಯಲ್ಲಲ್ಲ, ಕೇಳಿದ ಪ್ರಶ್ನೆಯನ್ನು ಓದದಿರುವುದರಲ್ಲಿ. ಸ್ಪಷ್ಟ ಪತ್ರ ಬರೆದವರೆಲ್ಲ ಒಳ್ಳೆಯ ಕೆಲಸಗಾರರಾಗುವರೇ ಎಂದರೆ, ಇಲ್ಲ. ಬೈಯುವ ಗ್ರಾಹಕನ ಮುಂದೆ ತಾಳ್ಮೆ ಉಳಿಯುತ್ತದೆಯೇ ಎಂಬುದನ್ನು ಪತ್ರ ಹೇಳಲಾರದು. ಆದರೆ ಆ ಗ್ರಾಹಕನಿಗೆ ಉತ್ತರ ಕೊಡುತ್ತಾನೆಯೇ ಎಂಬುದನ್ನು ಖಂಡಿತ ಹೇಳುತ್ತದೆ.

ಅರ್ಜಿ ಬರೆಯುವವರಿಗೆ ಒಂದೇ ಮಾತು: ಕಳಿಸುವ ಮುನ್ನ ಜಾಹೀರಾತಿನ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟುಕೊಂಡು, ಪ್ರತಿಯೊಂದರ ಉತ್ತರಕ್ಕೂ ನಿಮ್ಮ ಪತ್ರದಲ್ಲಿ ಗೆರೆ ಎಳೆಯಿರಿ. ಗೆರೆ ಬೀಳದ ಸಾಲುಗಳಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಬಿಟ್ಟು ಉಳಿದದ್ದನ್ನು ಹೊಡೆದುಹಾಕಿ.