ಚೆಂದ ಇದ್ದೀರ, ಆಮೇಲೆ?

ನಮ್ಮ ಚಿಕ್ಕಮ್ಮನ ಮಗಳು ಪುಟ್ಟಿಗೆ ಹೊಗಳಿಕೆ ಅಂದರೆ ಕೈಗೆ ಬಂದ ಬಿಸಿ ಪಾತ್ರೆ. ಎಲ್ಲಿಡಬೇಕು ಅಂತ ತಿಳಿಯದೆ ಕುಣಿದಾಡುತ್ತಾಳೆ. ಸೀರೆ ಚೆನ್ನಾಗಿದೆ ಎಂದರೆ, 'ಅಯ್ಯೋ, ಹಳೇದು ಕಣೇ, ಅಮ್ಮಂದು' ಎನ್ನುವಳು. ಹೊಸದೇ ಆಗಿದ್ದರೆ ಬೆಲೆ, ಡಿಸ್ಕೌಂಟು, ಸೆರಗಿನಲ್ಲಿರುವ ಸಣ್ಣ ತೂತು, ಮೂರನ್ನೂ ಹೇಳಿಬಿಡುತ್ತಾಳೆ. ಇದು ನಮ್ಮ ಮನೆತನದ ಕಾಯಿಲೆ. ನಿಮ್ಮ ಮನೆಯಲ್ಲೂ ಒಬ್ಬರಿಬ್ಬರು ಇರಬಹುದು.

ಇಂಥವಳು ಕಳೆದ ವರ್ಷ ಹಿಂಜ್ ಆ್ಯಪಿಗೆ ಸೇರಿದಳು. ಅಲ್ಲಿ ಫೋಟೋಗಳನ್ನು ಹಾಕಬೇಕು, ಮೂರು ಪ್ರಶ್ನೆ ಆರಿಸಿ ಉತ್ತರ ಬರೆಯಬೇಕು. ನೋಡಿದವರು ಯಾವುದೋ ಒಂದು ಫೋಟೋಗೋ ಉತ್ತರಕ್ಕೋ ಲೈಕ್ ಕೊಟ್ಟು, ಬೇಕಾದರೆ ಜೊತೆಗೆ ಒಂದು ಮಾತನ್ನೂ ಬರೆಯಬಹುದು. ಪುಟ್ಟಿ ಎರಡು ರಾತ್ರಿ ಕೂತು ಉತ್ತರ ಬರೆದಳು. ತಿಳಿಸಾರಿನ ಬಗ್ಗೆ ಅವಳು ಬರೆದದ್ದು ನಿಜಕ್ಕೂ ಚೆನ್ನಾಗಿತ್ತು. ಬಂದ ಲೈಕುಗಳೆಲ್ಲ ಮಾತ್ರ ಮೇಲುಕೋಟೆಯ ಕಲ್ಯಾಣಿ ಮೆಟ್ಟಿಲ ಮೇಲೆ ಹಸಿರು ಸೀರೆ ಉಟ್ಟು ಕೂತ ಒಂದೇ ಫೋಟೋಗೆ. ಜೊತೆಗೆ ಬಂದ ಮಾತೂ ಒಂದೇ: 'ಸೋ ಬ್ಯೂಟಿಫುಲ್'. ತಿಳಿಸಾರು ಅಲ್ಲೇ ಆರಿಹೋಯಿತು.

ಮೊದಲನೆಯವನಿಗೆ ಹಳೇ ಚಾಳಿಯಂತೆ 'ಅಯ್ಯೋ, ಫಿಲ್ಟರ್ ಅಷ್ಟೇ' ಎಂದು ಉತ್ತರಿಸಿದಳು. ಆತ 'ಇಲ್ಲ ಇಲ್ಲ, ನಿಜವಾಗ್ಲೂ' ಎಂದ. ಇವಳು 'ಇಲ್ಲ ರೀ' ಎಂದಳು. ಹತ್ತು ಮೆಸೇಜು ಬರೀ ಇದೇ ಹಗ್ಗಜಗ್ಗಾಟ. ಕೊನೆಗೆ ಆತ ಸುಸ್ತಾಗಿ ಒಪ್ಪಿಕೊಂಡನೋ ಏನೋ, ಮತ್ತೆ ಬರಲಿಲ್ಲ. ಮುಂದಿನವನಿಗೆ 'ನೀವೂ ಹ್ಯಾಂಡ್‌ಸಮ್' ಎಂದು ಮುಯ್ಯಿ ತೀರಿಸಿದಳು. ಅಲ್ಲಿಗೆ ಲೆಕ್ಕ ಚುಕ್ತಾ, ಮಾತೂ ಮುಗಿಯಿತು. ಮೂರನೆಯವನಿಗೆ 'ನನ್ನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲವಾ?' ಎಂದು ಗದರಿದಳು. ಪಾಪ, ಹೊಸಬ. ಏನು ಬರೆಯಬೇಕೆಂದು ತೋಚದೆ ಎಲ್ಲರೂ ಬರೆಯುವುದನ್ನೇ ಬರೆದಿದ್ದ. ಹೆಣ್ಣು ನೋಡಲು ಬಂದವರು 'ಉಪ್ಪಿಟ್ಟು ಚೆನ್ನಾಗಿದೆ' ಎನ್ನುವುದಿಲ್ಲವೇ, ಹಾಗೆ.

'ಅಕ್ಕಾ, ಏನು ಹೇಳ್ಲಿ ಇವ್ರಿಗೆ?' ಎಂದು ನನ್ನ ಹತ್ತಿರ ಬಂದಳು.

'ಥ್ಯಾಂಕ್ಸ್ ಅನ್ನು. ಒಂದೇ ಸಲ. ಆಮೇಲೆ ಫೋಟೋದಲ್ಲಿ ಕಾಣದ್ದು ಏನಾದ್ರೂ ಹೇಳಿ, ಒಂದು ಪ್ರಶ್ನೆ ಕೇಳು' ಎಂದೆ. ಹೊಗಳಿದವನಿಗೆ ಹೊಗಳಿದ ಮೇಲೆ ಏನು ಎಂಬುದು ಗೊತ್ತಿರುವುದಿಲ್ಲ. ಹಿಡಿದುಕೊಳ್ಳಲು ಅವನಿಗೊಂದು ಎಳೆ ಬೇಕು. ಪ್ರಶ್ನೆ ಒಂದೇ ಇರಲಿ, ಎರಡು ಬೆರಳಲ್ಲಿ ಉತ್ತರ ಟೈಪ್ ಮಾಡುವಂತಿರಲಿ. 'ನಿಮ್ಮ ಜೀವನದ ಗುರಿ ಏನು?' ಎಂದರೆ ಅವನು ಫೋನು ಮಗುಚಿಟ್ಟು ಮಲಗುತ್ತಾನೆ.

ಇಬ್ಬರೂ ಕೂತು ಬರೆದದ್ದು ಇದು: 'ಥ್ಯಾಂಕ್ಸ್! ಅದು ಮೇಲುಕೋಟೆ. ಫೋಟೋ ಆದಮೇಲೆ ಎರಡು ಪ್ಲೇಟ್ ಪುಳಿಯೋಗರೆ ತಿಂದೆ. ನೀವು ಅಲ್ಲಿಗೆ ಹೋಗೋದು ದೇವರಿಗೋ, ಪುಳಿಯೋಗರೆಗೋ?'

ಆ ವಾರ ಮೂವರಿಗೆ ಇದನ್ನೇ ಕಳಿಸಿದಳು. ಒಬ್ಬ, 'ಹಹ. ನಿಮ್ಮ ಸ್ಮೈಲ್ ಕೂಡ ಸೂಪರ್' ಎಂದ. ಮೊದಲ ಮೆಸೇಜಿನಿಂದ ಯಾರನ್ನೂ ಅಳೆಯಬಾರದು, ಸರಿ. ಆದರೆ ಇದು ಎರಡನೆಯದು. ಪುಳಿಯೋಗರೆಯನ್ನು ದಾಟಿ ಹಲ್ಲಿಗೆ ಬಂದವನು ಮೂರನೆಯದರಲ್ಲಿ ಕಣ್ಣಿಗೆ ಹೋಗುತ್ತಾನೆ. ಅವನ ಮೊದಲ ಮೆಸೇಜು ಸ್ಪೆಲ್ಲಿಂಗ್ ತಪ್ಪಿನ ಸಮೇತ ಪುಟ್ಟಿಯ ರೂಮ್‌ಮೇಟಿಗೂ ಬಂದಿತ್ತೆಂದು ಆಮೇಲೆ ತಿಳಿಯಿತು. 'ನಮ್ಮಿಬ್ಬರಿಗೆ ಹೊಂದಲ್ಲ ಅನ್ಸುತ್ತೆ, ಒಳ್ಳೇದಾಗ್ಲಿ' ಎಂದು ಬರೆದು ಅನ್‌ಮ್ಯಾಚ್ ಮಾಡಿದಳು. ಇನ್ನೊಬ್ಬ ಸೀದಾ ಮೈಕಟ್ಟಿಗೆ ಇಳಿದ. ಅಂಥವನಿಗೆ ಥ್ಯಾಂಕ್ಸೂ ಇಲ್ಲ, ಒಳ್ಳೇದಾಗಲಿಯೂ ಇಲ್ಲ. ರಿಪೋರ್ಟ್ ಒತ್ತಲು ಆ್ಯಪಿನಲ್ಲಿ ಜಾಗ ಇದೆ. ಒತ್ತಿದಳು.

ಮೂರನೆಯವನು ಬರೆದ: 'ಪುಳಿಯೋಗರೆಗೇ. ಯೋಗಾನರಸಿಂಹ ಬೆಟ್ಟದ ಮೇಲಿದ್ದಾನೆ, ನನಗೆ ಮಂಡಿ ನೋವು. ಅದಿರಲಿ, ತಿಳಿಸಾರಿಗೆ ಬೆಳ್ಳುಳ್ಳಿ ಹಾಕ್ತೀರಾ?'

ಪುಟ್ಟಿ ಫೋನನ್ನು ನನ್ನ ಮೂಗಿಗೆ ಹಿಡಿದಳು. 'ಅಕ್ಕಾ, ಓದಿದಾನೆ!'

ಬೆಳ್ಳುಳ್ಳಿಯ ಜಗಳ ಈಗ ನಾಲ್ಕನೇ ತಿಂಗಳಿಗೆ ಬಿದ್ದಿದೆ. ಮೊನ್ನೆ ಅವನು ಎದುರಿಗೇ, 'ನೀವು ಫೋಟೋಗಿಂತ ಚೆನ್ನಾಗಿದ್ದೀರ' ಎಂದನಂತೆ. ಇವಳು 'ಥ್ಯಾಂಕ್ಸ್' ಎಂದು ಸುಮ್ಮನಾದಳಂತೆ. ಬೆಲೆ, ಡಿಸ್ಕೌಂಟು, ತೂತು ಯಾವುದೂ ಇಲ್ಲ.

ಅಂದಹಾಗೆ, ಕಲ್ಯಾಣಿಯ ಆ ಫೋಟೋ ತೆಗೆದವಳು ನಾನು. ಮಟಮಟ ಮಧ್ಯಾಹ್ನ, ಸುಡುವ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ನಲವತ್ತಮೂರು ಸಲ ಕ್ಲಿಕ್ಕಿಸಿ. ನನಗೆ ಇನ್ನೂ ಯಾರೂ ಥ್ಯಾಂಕ್ಸ್ ಹೇಳಿಲ್ಲ.