ಪುಣೆ ಕಾಕಾನ ಐದು ಎಕರೆ

ಉಮರಗಾ ತಾಲೂಕಿನ ಯಾವ ಊರಿಗೆ ಹೋದರೂ ಒಬ್ಬ ಪುಣೆ ಕಾಕಾ ಇದ್ದೇ ಇರುತ್ತಾರೆ. ಊರಲ್ಲಿ ಅಲ್ಲ, ಊರವರ ಫೋನಿನಲ್ಲಿ. ನಿಲಂಗಾ ಕಡೆ ಇವರೇ ಮುಂಬೈ ಕಾಕಾ, ಉದಗೀರದಲ್ಲಿ ಹೈದರಾಬಾದ್ ಮಾಮಾ. ವಂಶ ಒಂದೇ. ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಮೂವತ್ತು ವರ್ಷ ದುಡಿದು, ಎರಡು ಕೋಣೆಯ ಫ್ಲಾಟು ಮಾಡಿ, ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಮರಾಠಿ ಮಾತಾಡುತ್ತ, ಯಾರಾದರೂ ಪರಿಚಯ ಕೇಳಿದರೆ "ನಾವು ಮೂಲತಃ ರೈತರು" ಎನ್ನುವವರು. ಪಾಲಿನಲ್ಲಿ ಬಂದ ಐದು ಎಕರೆ ಎರೆ ಹೊಲವಿದೆ. ಅದನ್ನು ಮಾರುವುದಿಲ್ಲ, ಮಾಡುವುದಕ್ಕೂ ಆಗುವುದಿಲ್ಲ. ಹೀಗಾಗಿ ವರ್ಷಕ್ಕೊಮ್ಮೆ, ಯುಗಾದಿಯ ಸುತ್ತಮುತ್ತ, ಕಾಕಾನ ತಲೆಯಲ್ಲಿ ಒಂದೇ ಪ್ರಶ್ನೆ ಗುಂಯ್‌ಗುಡುತ್ತದೆ: ಈ ಸಲ ಮಕ್ತಾ ಕೊಡುವುದೋ, ಬಟಾಯಿಗೆ ಹಾಕುವುದೋ?

ಮಕ್ತಾ ಎಂದರೆ ಎಕರೆಗೆ ಇಷ್ಟು ರೂಪಾಯಿ ಎಂದು ಮೊದಲೇ ಮುರಿದು, ಅರ್ಧ ಪಾಡ್ವಾಕ್ಕೆ, ಇನ್ನರ್ಧ ರಾಶಿಯಾದ ಮೇಲೆ ಎಣಿಸಿಕೊಳ್ಳುವುದು. ಮಳೆ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಬಟಾಯಿ ಎಂದರೆ ಪಾಲು. ಬೀಜ, ಗೊಬ್ಬರ, ಔಷಧ, ಕೊಯ್ಲು, ಮಶಿನ್ನಿನ ಬಾಡಿಗೆ ಎಲ್ಲದರಲ್ಲಿ ಅರ್ಧ ಮಾಲಕರದು, ಉಳುಮೆ ಮತ್ತು ಬೆವರು ಮಾಡುವವನದು, ಬಂದದ್ದರಲ್ಲಿ ಅರ್ಧರ್ಧ. ಇಷ್ಟು ಹುಡುಗರಿಗೂ ಗೊತ್ತು. ಕಾಕಾನ ವಿಶೇಷ ಏನೆಂದರೆ, ಅವರು ಈ ಎರಡರಲ್ಲಿ ಯಾವಾಗಲೂ ಹೋದ ವರ್ಷಕ್ಕೆ ಸರಿಯಾದದ್ದನ್ನೇ ಆರಿಸುತ್ತಾರೆ.

2021ರ ಯುಗಾದಿಗೆ ಅವರು ಹೊಲ ಮಕ್ತಾ ಕೊಟ್ಟಿದ್ದರು. ಆಗಸ್ಟಿನಲ್ಲಿ ಲಾತೂರ ಮಾರುಕಟ್ಟೆಯಲ್ಲಿ ಸೋಯಾಬೀನ್ ಕ್ವಿಂಟಲಿಗೆ ಹತ್ತು ಸಾವಿರದ ಆಸುಪಾಸಿಗೆ ಹೋಯಿತು. ಕಾಕಾ ಊಟ ಬಿಟ್ಟರು. "ನನ್ನ ಹೊಲದಾಗ ಬಂಗಾರ ಬೆಳೀಲಿಕತ್ತದ, ನನಗ ಚಿಲ್ಲರೆ ಕೊಡ್ಲಿಕತ್ತಾನ" ಎಂದು ಫ್ಲಾಟಿನ ಗ್ಯಾಲರಿಯಲ್ಲಿ ನಿಂತು ಅತ್ತರು. ಆ ಹತ್ತು ಸಾವಿರ ಯಾರ ಹಳೆಯ ದಾಸ್ತಾನಿಗೆ ಸಿಕ್ಕಿತೋ, ಆಗ ಅವರ ಹೊಲದಲ್ಲಿದ್ದದ್ದು ಇನ್ನೂ ಎಳೆಯ ಕಾಯಿ. ಅದೇ ತಿಂಗಳು ಕೇಂದ್ರ ಸರ್ಕಾರ ಹನ್ನೆರಡು ಲಕ್ಷ ಟನ್ ಸೋಯಾ ಹಿಂಡಿ ತರಿಸಲು ಒಪ್ಪಿಗೆ ಕೊಟ್ಟಿತು. ಹೊಸ ಮಾಲು ಬರುವ ಹೊತ್ತಿಗೆ ಬೆಲೆ ಅರ್ಧಕ್ಕೆ ಬಂದಿತ್ತು, ಸೆಪ್ಟೆಂಬರಿನ ಮಳೆ ಬೇರೆ ಹೊಡೆದಿತ್ತು. ಇದಾವುದೂ ಕಾಕಾನಿಗೆ ಬೇಡ. ಹತ್ತು ಸಾವಿರ ಎಂಬ ಅಂಕಿ ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ಸಲ ಬಟಾಯಿ.

ಬಟಾಯಿ ಮಾಡಿದ ವರ್ಷ ಕಾಕಾನಿಗೆ ಬಿಡುವೇ ಇರುವುದಿಲ್ಲ. ಮೂವತ್ತು ಕಿಲೋದ ಬೀಜದ ಚೀಲ ಎಕರೆಗೊಂದು ಸಾಕೇ? ಡಿಎಪಿ ಚೀಲ 1,350 ಎಂದು ಸರ್ಕಾರವೇ ಬರೆದಿರುವಾಗ ಅಂಗಡಿಯವನು ಜೊತೆಗೆ ಇನ್ನೊಂದು ಡಬ್ಬಿ ಯಾಕೆ ಗಂಟುಹಾಕಿದ? ಔಷಧ ಎರಡು ಸಲ ಹೊಡೆದದ್ದೋ, ಒಂದು ಸಲ ಹೊಡೆದು ಎರಡು ರಸೀದಿಯೋ? ಎಲ್ಲದಕ್ಕೂ ವಾಟ್ಸಾಪಿನಲ್ಲಿ ಫೋಟೋ ಬೇಕು. ಬಟಾಯಿದಾರ ಹಸಿರು ಹೊಲದ ಫೋಟೋ ಕಳಿಸುತ್ತಾನೆ. ಅದು ಯಾರ ಹೊಲ ಎಂದು ಪುಣೆಯಲ್ಲಿ ಕೂತು ಹೇಳುವುದು ಹೇಗೆ? ಸೋಯಾಬೀನ್ ಎಲ್ಲಿದ್ದರೂ ಸೋಯಾಬೀನೇ.

ನಿಜಕ್ಕೂ ನೋಡಬೇಕಾದದ್ದನ್ನು ಮಾತ್ರ ಕಾಕಾ ನೋಡುವುದಿಲ್ಲ. ಮಳೆ ಬಿಡುವು ಕೊಟ್ಟ ನಾಲ್ಕೈದು ದಿನಗಳಲ್ಲಿ ಎಡೆ ಹೊಡೆದು ಕಸ ತೆಗೆಯಬೇಕು. ಮಾಡುವವನಿಗೆ ತನ್ನದೂ ಮೂರು ಎಕರೆ ಇದೆ. ತನ್ನ ಹೊಲದಲ್ಲಿ ಕಸ ತೆಗೆದು ಒಂದು ಚೀಲ ಹೆಚ್ಚು ಬಂದರೆ ಚೀಲ ಪೂರ್ತಿ ಅವನದು. ಕಾಕಾನ ಹೊಲದಲ್ಲಿ ಹೆಚ್ಚು ಬಂದರೆ ಅರ್ಧ ಚೀಲ. ಎಡೆ ಕುಂಟೆ ಮೊದಲು ಯಾವ ಹೊಲಕ್ಕೆ ಇಳಿಯುತ್ತದೆ ಎಂದು ಎತ್ತಿಗೂ ಗೊತ್ತು. ಇದು ಮೋಸವಲ್ಲ, ಲೆಕ್ಕ. ಆ ವಾರ ದಾಟಿದ ಮೇಲೆ ಎಷ್ಟು ಫೋಟೋ ತರಿಸಿಕೊಂಡರೂ ಕಸ ಗೆದ್ದಿರುತ್ತದೆ.

ರಾಶಿಯ ದಿನದ ಫೋನಂತೂ ಊರಿಗೆಲ್ಲ ಬಾಯಿಪಾಠ.

"ಎಷ್ಟಾಯ್ತೋ?"

"ನಲವತ್ನಾಕ ಚೀಲ ಆಯ್ತ್ರಿ ಕಾಕಾ. ಮಳಿ ಹೊಡದಾದ್ರಿ."

"ಬಾಜೂದವನಿಗೆ ಐವತ್ತ ಆಗ್ಯಾವಂತ?"

"ಅವನ ಚೀಲ ಸಣ್ಣವ್ರಿ."

ಇಲ್ಲಿಗೆ ಕಾಕಾನ ತನಿಖೆ ಮುಗಿಯುತ್ತದೆ. ರಾಶಿ ಮಶಿನ್ನಿನವನಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಅವನ ಕೂಲಿಯೇ ಚೀಲದ ಲೆಕ್ಕದ್ದು, ಆದ್ದರಿಂದ ಅವನ ಡೈರಿಯಲ್ಲಿ ಒಂದು ಚೀಲವೂ ಕಡಿಮೆ ಇರುವುದಿಲ್ಲ. ಮಾಲು ಅಡತಿಗೆ ಹೋದಮೇಲೆ ಕಾಟಾದ ಪಟ್ಟಿ ಸಿಗುತ್ತದೆ. ಅದರಲ್ಲಿ ತೂಕ, ದರ, ಹಮಾಲಿ ಎಲ್ಲ ಬರೆದಿರುತ್ತದೆ. ಈ ಎರಡು ಚೀಟಿ ಎದುರುಬದುರು ಇಟ್ಟರೆ ಉತ್ತರ ತಾನಾಗಿ ಬರುತ್ತದೆ. ಎಷ್ಟೋ ಸಲ ಕಡಿಮೆಯಾದ ಆರು ಚೀಲ ಎಲ್ಲಿಯೂ ಓಡಿಹೋಗಿರುವುದಿಲ್ಲ, ಕೊಯ್ದವರಿಗೆ ರೊಕ್ಕದ ಬದಲು ಕಾಳು ಅಳೆದಿರುತ್ತಾರೆ. ಬೆಳೆ ಹಸಿಯಿದ್ದರೆ ದರವೂ ಹಸಿಯೇ. ಬೆಂಬಲ ಬೆಲೆಯ ಕೇಂದ್ರದಲ್ಲಿ ತೇವ ನೂರಕ್ಕೆ 12 ದಾಟಿದರೆ ವಾಪಸು. 2024ರಲ್ಲಿ ಮಾತ್ರ ಗದ್ದಲವಾಗಿ 15ರವರೆಗೆ ಸಡಿಲ ಮಾಡಿದರು. ಆ ವರ್ಷ ಬೆಂಬಲ ಬೆಲೆ 4,892. ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು 4,200ರ ಆಚೀಚೆ.

ಆ ವರ್ಷದ ಕಾಕಾನ ಲೆಕ್ಕವನ್ನೇ ಹಾಕೋಣ. ಎಕರೆಗೆ ಆರು ಕ್ವಿಂಟಲ್, ಐದು ಎಕರೆಗೆ ಮೂವತ್ತು. ಕಾಕಾನ ಪಾಲು ಹದಿನೈದು, 4,200ರಂತೆ 63,000. ಪಾಲಿನ ಖರ್ಚು ಎಕರೆಗೆ ಹತ್ತು ಸಾವಿರ ಹಿಡಿದರೆ ಕಾಕಾನ ಅರ್ಧ 25,000. ಉಳಿದದ್ದು 38,000. ತಗ್ಗಿನ ಎರಡು ಎಕರೆಯಲ್ಲಿ ಹಸಿ ಉಳಿದು ಹಿಂಗಾರಿಗೆ ಕಡಲೆ ಬಂತು, ಅದರಲ್ಲಿ ಖರ್ಚು ಕಳೆದು 16,000. ಒಟ್ಟು 54,000. ಅದೇ ಹೊಲಕ್ಕೆ ಬಾಜೂದವನು ಎಕರೆಗೆ 12,000 ಮಕ್ತಾ ಕೊಡುತ್ತೇನೆಂದು ಬಾಗಿಲಿಗೆ ಬಂದಿದ್ದ: ಅರವತ್ತು ಸಾವಿರ, ಫೋನಿಲ್ಲ, ಫೋಟೋ ಇಲ್ಲ. ಆರು ಕ್ವಿಂಟಲ್ ಬೆಳೆಗೆ ಎರಡೂ ಸರಿಸಮ ಆಗಬೇಕಾದರೆ ಸೋಯಾಬೀನಿಗೆ 4,600 ಸಿಗಬೇಕಿತ್ತು. ಆರು ಸಾವಿರ ಕಳೆದುಕೊಂಡದ್ದಕ್ಕೆ ಕಾಕಾನಿಗೆ ಸಿಕ್ಕಿದ್ದು ಸಾಲಿನಲ್ಲಿ ಬಿತ್ತಿದ ತೊಗರಿಯ ಒಂದು ಚೀಲ. ಅದನ್ನು ಬೇಳೆ ಮಾಡಿಸಿ, ಎಸ್‌ಟಿ ಬಸ್ಸಿನ ಟಪ್ಪಿನ ಮೇಲೆ ಹೇರಿ, ಪುಣೆಯ ಅಕ್ಕಪಕ್ಕದವರಿಗೆ ಅರ್ಧರ್ಧ ಕಿಲೋ ಹಂಚಿ, "ನಮ್ಮ ಹೊಲದ್ದು, ಕುದಿಸಿದರ ಬೆಣ್ಣಿ" ಎಂದರು. ಆ ಮಾತಿಗೆ ಆರು ಸಾವಿರ ಹೆಚ್ಚಲ್ಲ ಎಂದು ನನಗನಿಸುತ್ತದೆ. ಕಾಕಾನಿಗೆ ಹಾಗನಿಸಲಿಲ್ಲ. 2025ಕ್ಕೆ ಮಕ್ತಾ.

ಮಕ್ತಾ ಎಂದರೆ ಬಾಯಿಮಾತು. ಕಾಗದ ಎಂದರೆ ಕಾಕಾ ಬೆಚ್ಚುತ್ತಾರೆ. ಮರಾಠವಾಡಕ್ಕೆ ಇಂದಿಗೂ 1950ರ ಹೈದರಾಬಾದ್ ಕುಳವಹಿವಾಟ ಕಾಯ್ದೆ ಇದೆ. ಸಾತ್‌ಬಾರಾ ಉತಾರದ ಇತರ ಹಕ್ಕಿನ ಕಲಮಿನಲ್ಲಿ ಕುಳ ಎಂದು ಯಾರದಾದರೂ ಹೆಸರು ಕೂತರೆ ಎಬ್ಬಿಸುವುದು ಸುಲಭವಲ್ಲ ಎಂದು ಅಜ್ಜ ಹೇಳಿ ಸತ್ತಿದ್ದಾರೆ. ಗಡಿಯಾಚೆ ಆಳಂದದಲ್ಲಿ ಕಾಕಾನ ಹೆಂಡತಿಯ ತವರಿನವರಿಗೆ ಇನ್ನೂ ಗಟ್ಟಿ ಕಥೆ ಗೊತ್ತು. ಕರ್ನಾಟಕದಲ್ಲಿ 1974ರ ಮಾರ್ಚ್ ಒಂದರಿಂದ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಹೊಲ ಗೇಣಿಗೆ ಕೊಡುವುದೇ ನಿಷೇಧ. ಅಲ್ಲಿಯೂ ಬಾಯಿಮಾತಿನ ಪಾಲು ನಡೆದೇ ಇದೆ. ಹೀಗಾಗಿ ಕಾಕಾ ಎರಡು ವರ್ಷಕ್ಕಿಂತ ಹೆಚ್ಚು ಒಬ್ಬನ ಕೈಯಲ್ಲಿ ಹೊಲ ಬಿಡುವುದಿಲ್ಲ. ಬಿಡದಿದ್ದರೆ ಆಗುವುದೇನು? ಬರುವ ವರ್ಷ ಹೊಲ ತನ್ನದಿರುವುದಿಲ್ಲ ಎಂದು ಗೊತ್ತಿದ್ದವನು ತಿಪ್ಪೆಗೊಬ್ಬರ ಹಾಕುವುದಿಲ್ಲ, ಒಡೆದ ಒಡ್ಡು ಕಟ್ಟುವುದಿಲ್ಲ. ಸೋಯಾಬೀನಿನ ಮೇಲೆ ಸೋಯಾಬೀನು ಬಿತ್ತಿ, ಹಿಂಡಿ, ಬಿಟ್ಟು ಹೋಗುತ್ತಾನೆ. "ಎರೆ ಮಣ್ಣು ಸತ್ವ ಕಳಕೊಂಡದ" ಎಂದು ಕಾಕಾ ಹವಾಮಾನವನ್ನು ಬೈಯುತ್ತಾರೆ.

ಕಾಗದವಿಲ್ಲದ ಮಕ್ತಾದ ಗಂಟು ಬಿಚ್ಚಿದ್ದು 2025ರ ಸೆಪ್ಟೆಂಬರಿನಲ್ಲಿ. ಮರಾಠವಾಡದ ಮೇಲೆ ಬಿದ್ದ ಮಳೆಗೆ ನಿಂತ ಬೆಳೆ ನೀರಿನಲ್ಲೇ ಕೊಳೆಯಿತು. ಮಕ್ತಾದವನು ಮೂವತ್ತು ಸಾವಿರ ಮುಂಗಡ ಕೊಟ್ಟಿದ್ದ, ಮೇಲೆ ಐದೂ ಎಕರೆಗೆ ತನ್ನದೇ ಖರ್ಚು ಹಾಕಿದ್ದ. ಪಂಚನಾಮೆ ಆಯಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500ರ ನಿಯಮದಂತೆ ಎರಡು ಹೆಕ್ಟೇರಿಗೆ 17,000 ಪರಿಹಾರ. ರೊಕ್ಕ ಬಂದದ್ದು ಯಾರ ಖಾತೆಗೆ? ಉತಾರದಲ್ಲಿ ಯಾರ ಹೆಸರಿದೆಯೋ ಅವರಿಗೆ. ಇ-ಪೀಕ್ ಪಾಹಣಿ ಆ್ಯಪಿನಲ್ಲಿ ಹೊಲದ ನಡುವೆ ನಿಂತು ಬೆಳೆಯ ಫೋಟೋ ತೆಗೆದವನು ಮಕ್ತಾದವನೇ, ಆದರೆ ದಾಖಲಾದದ್ದು ಕಾಕಾನ ಹೆಸರಿನಲ್ಲಿ. ಪುಣೆಯ ಫೋನು ಟಿಣ್ ಎಂದಿತು. ಕಾಕಾ ಜೀವಮಾನದಲ್ಲಿ ಮೊದಲ ಸಲ ಮೈಯೆಲ್ಲ ಒದ್ದೆಯಾದ ರೈತನಂತೆ ನಿಟ್ಟುಸಿರು ಬಿಟ್ಟು, "ಭಾಳ ಲುಕ್ಸಾನ ಆಯ್ತು" ಎಂದರು.

ಎಳ್ಳ ಅಮಾವಾಸ್ಯೆಗೆ ಕಾಕಾ ಸಂಸಾರಸಮೇತ ಹೊಲಕ್ಕೆ ಬರುವುದು ಪದ್ಧತಿ. ಭಜ್ಜಿ, ಸಜ್ಜೆ ಕಡುಬು, ಅಂಬಲಿ ಎಲ್ಲ ಮಕ್ತಾದವನ ಮನೆಯದು. ಹೊಲದ ಲಕ್ಷ್ಮಿಗೆ ನಮಸ್ಕಾರ ಮತ್ತು ಸೆಲ್ಫಿ ಕಾಕಾನದು. ಆ ಸಲ ಊಟವಾದ ಮೇಲೆ ಅವನೇ ಬಾಯಿ ತೆಗೆದ.

"ಕಾಕಾ, ಪರಿಹಾರದ ರೊಕ್ಕ ಬಂದದಂತಲ್ರಿ?"

"ಬಂದದ. ಹೊಲ ನಂದದಲ್ಲೋ."

"ಹೊಲ ನಿಮ್ಮದ್ರಿ. ಹೋಗಿದ್ದು ನಂದ್ರಿ."

ಕಾಕಾ ಅಂಬಲಿ ಇನ್ನೊಂದು ಲೋಟ ಹಾಕಿಸಿಕೊಂಡರು. ಅವರೇನು ಕಟುಕರಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹದಿನೇಳು ನೀ ಇಟ್ಕೋ. ಉಳಿದ ಮೂವತ್ತರಾಗ ಅದನ್ನ ಮುರ್ಕೊಂಡು ಹದಿಮೂರು ಕೊಡು" ಎಂದರು. ಅಂದರೆ ಕಾಕಾನಿಗೆ ಸರ್ಕಾರದಿಂದ ಹದಿನೇಳು, ಇವನಿಂದ ಮೊದಲಿನ ಮೂವತ್ತು, ಈಗಿನ ಹದಿಮೂರು. ಅರವತ್ತಕ್ಕೆ ಒಂದು ರೂಪಾಯಿ ಕಡಿಮೆಯಿಲ್ಲ. ಕಾಕಾ ದಾನ ಮಾಡಿದ ಮುಖದಲ್ಲಿ ಸುತ್ತ ನೋಡಿದರು. ಅವನು ಬೆರಳು ಮಡಚಿ ಎಣಿಸಿದ, ಸುಮ್ಮನಾದ, ಮತ್ತೆ ಎಣಿಸಿದ.

"ಆ ಹದಿಮೂರು ಆಗಂಗಿಲ್ರಿ ಕಾಕಾ. ಬರೂ ವರ್ಷದ್ದು ಮಾತಾಡ್ರಿ."

ಕಾಕಾ ಬರುವ ವರ್ಷಕ್ಕೆ ಹೊಸ ಕರಾರು ತಂದೇ ಬಂದಿದ್ದರು. ಮಕ್ತಾ ಅರವತ್ತು ಸಾವಿರ ಖಾಯಂ. ಆದರೆ ಬಟಾಯಿಯ ಲೆಕ್ಕದಲ್ಲಿ ಅದಕ್ಕಿಂತ ಹೆಚ್ಚು ಬಂದರೆ ಬಟಾಯಿ. "ಎರಡರಾಗ ಯಾವುದು ಹೆಚ್ಚೋ ಅದು ನನಗ."

"ನಡೀತದ್ರಿ," ಎಂದ ಅವನು ಎಲೆ ಎತ್ತುತ್ತ. "ಆದ್ರ ಒಂದ ಅಕ್ಷರ ಬದಲ್ ಮಾಡೂನು. ಯಾವುದು ಕಡಿಮಿನೋ ಅದು ನಿಮಗ."

ಕಾಕಾ ಕಾರು ಹತ್ತಿದರು. ಯುಗಾದಿಗೆ ಇನ್ನೂ ಮೂರು ತಿಂಗಳಿತ್ತು.